ಕರಪತ್ರದ ಅಡಿಯ ಸಾಲು

ಚುನಾವಣೆಯ ಕರಪತ್ರವೊಂದನ್ನು ಅಚ್ಚು ಹಾಕಿಸಬೇಕೆಂದು ಬಂದವನು, ತನ್ನನ್ನು ಸ್ವತಃ ಬಲ್ಲ ಇಬ್ಬರಿಂದ ರುಜು ಮಾಡಿಸಿದ ಘೋಷಣಾಪತ್ರವನ್ನು ಎರಡು ಪ್ರತಿಗಳಲ್ಲಿ ಮುದ್ರಕನ ಕೈಗೆ ಕೊಡತಕ್ಕದ್ದು ಎಂಬ ನಿಯಮವೊಂದು ನಮ್ಮ ಪ್ರಜಾಪ್ರತಿನಿಧಿ ಕಾಯಿದೆಯಲ್ಲಿದೆ. 1951ರ ಆ ಕಾಯಿದೆಗೆ 1961ರಲ್ಲಿ ಸೇರಿದ 127ಎ ಕಲಮು, ಮುದ್ರಕನ ಮತ್ತು ಪ್ರಕಾಶಕನ ಹೆಸರು ವಿಳಾಸಗಳು ಹಾಳೆಯ ಮೇಲೆ ಇರಲೇಬೇಕೆಂದು ವಿಧಿಸಿ, ತಪ್ಪಿದವರಿಗೆ ಆರು ತಿಂಗಳವರೆಗಿನ ಸೆರೆಯನ್ನೋ ಎರಡು ಸಾವಿರ ರೂಪಾಯಿವರೆಗಿನ ದಂಡವನ್ನೋ ಎರಡನ್ನೂ ಒಟ್ಟಿಗೋ ಗೊತ್ತುಮಾಡಿತು. ಬೆಂಗಳೂರು ರಾಜಧಾನಿಯಾದುದರಿಂದ, ಜಯನಗರದಲ್ಲಾಗಲಿ ಬನಶಂಕರಿಯಲ್ಲಾಗಲಿ ಅಚ್ಚಾದ ಹಾಳೆಯ ಪ್ರತಿಯೂ ಘೋಷಣೆಯ ಪ್ರತಿಯೂ ಮುಖ್ಯ ಚುನಾವಣಾಧಿಕಾರಿಗಳ ಕಚೇರಿಗೆ ಹೋಗಬೇಕು. ಇತರ ಊರುಗಳಲ್ಲಾದರೆ ಜಿಲ್ಲಾ ದಂಡಾಧಿಕಾರಿಗಳಿಗೆ. ಸಭೆಯ ದಿನ, ವೇಳೆ, ಸ್ಥಳಗಳನ್ನಷ್ಟೇ ಸಾರುವ ಚೀಟಿಗೆ ಈ ಕಟ್ಟಳೆಯಿಲ್ಲ.

ನನಗೆ ಈ ಕಲಮಿನಲ್ಲಿ ಹಿಡಿಸಿದುದು ಶಿಕ್ಷೆಯಲ್ಲ, ಆ ಇಬ್ಬರು ಪರಿಚಿತರು. ಕಾಗದಪತ್ರವೊಂದನ್ನೇ ನಂಬದೆ, ‘ಈತನನ್ನು ನಾವು ಬಲ್ಲೆವು’ ಎಂದು ಹೆಸರಿಟ್ಟು ಹೇಳುವ ಮನುಷ್ಯರನ್ನು ಕಾನೂನು ಕೇಳಿತು. ಇಂದು ಫೇಸ್‌ಬುಕ್ಕಿನಲ್ಲಿಯೂ ಗೂಗಲ್ಲಿನಲ್ಲಿಯೂ ಚುನಾವಣಾ ಜಾಹೀರಾತು ಹಾಕಿಸುವ ಏಜೆನ್ಸಿಗಳಿಗೆ ಎದುರಾಗುವ ಪರಿಶೀಲನೆಯೆಲ್ಲವೂ ಈ ಅಡಿಯ ಸಾಲಿನ ಸಂತಾನವೇ. ಆದರೆ ಸಾಕ್ಷಿಗಳಿಬ್ಬರೂ ದಾರಿಯಲ್ಲೆಲ್ಲೋ ಕಳೆದುಹೋದರು.

ನಡುವಣ ಕಥೆ ಚಿಕ್ಕದು. ಕೇಬಲ್ ದೂರದರ್ಶನದ ನಿಯಮಗಳು ರಾಜಕೀಯ ಜಾಹೀರಾತನ್ನೇ ನಿಷೇಧಿಸಿದ್ದವು. ಆಂಧ್ರದ ಉಚ್ಚ ನ್ಯಾಯಾಲಯ ಆ ನಿಷೇಧವನ್ನು ಒಪ್ಪದಿರಲು, ಜೆಮಿನಿ ಟಿವಿಯ ಹೆಸರು ಹೊತ್ತ ಆ ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯವನ್ನು ಮುಟ್ಟಿ, 2004ರ ಏಪ್ರಿಲ್ 13ರಂದು ಮಧ್ಯಮಾರ್ಗವೊಂದು ಹೊರಟಿತು: ಜಾಹೀರಾತು ಬರಲಿ, ಆದರೆ ಪ್ರಸಾರಕ್ಕೆ ಮುನ್ನ ಪ್ರಮಾಣೀಕೃತವಾಗಿ ಬರಲಿ. ಎರಡೇ ದಿನಗಳಲ್ಲಿ ಚುನಾವಣಾ ಆಯೋಗ ಅದರ ವಿಧಾನವನ್ನು ಹೊರಡಿಸಿತು. ಕರ್ನಾಟಕದಲ್ಲಿ ಮತದಾನವಿದ್ದುದು ಅದೇ ತಿಂಗಳ 20 ಮತ್ತು 26ರಂದು. ನೋಂದಾಯಿತ ಪಕ್ಷಗಳೂ ಅಭ್ಯರ್ಥಿಗಳೂ ಪ್ರಸಾರಕ್ಕೆ ಮೂರು ದಿನ ಮುಂಚೆ, ಉಳಿದವರು ಏಳು ದಿನ ಮುಂಚೆ ಅರ್ಜಿ ಹಾಕಬೇಕೆಂಬ ನಿಯಮ ಆಗ ಹುಟ್ಟಿದ್ದು. 2013ರ ಅಕ್ಟೋಬರ್ 25ರ ಸೂಚನೆ ಸಾಮಾಜಿಕ ಜಾಲತಾಣಗಳನ್ನೂ ಇದರೊಳಗೆ ತಂದಿತು. ಅಭ್ಯರ್ಥಿ ತನ್ನ ಪುಟದಲ್ಲಿ ತಾನೇ ಬರೆದುಕೊಂಡುದು ಜಾಹೀರಾತಲ್ಲ. ಅದೇ ಬರಹಕ್ಕೆ ಹಣ ಕಟ್ಟಿ ‘ಬೂಸ್ಟ್’ ಮಾಡಿದೊಡನೆ ಅದು ಜಾಹೀರಾತಾಗಿ ಪ್ರಮಾಣಪತ್ರವನ್ನು ಬೇಡುತ್ತದೆ. ಕಿರಿಯ ಏಜೆನ್ಸಿಗಳು ಎಡವುವುದು ಹೆಚ್ಚಾಗಿ ಈ ಒಂದು ಗುಂಡಿಯ ಮೇಲೆಯೇ.

2019ರ ಲೋಕಸಭಾ ಚುನಾವಣೆಯ ಹೊಸ್ತಿಲಲ್ಲಿ ಕಂಪನಿಗಳೂ ತಮ್ಮ ಬಾಗಿಲಲ್ಲಿ ಕಾವಲು ನಿಲ್ಲಿಸಿದವು. ಗೂಗಲ್ ಜಾಹೀರಾತುದಾರನ ಗುರುತಿನೊಡನೆ ಆಯೋಗದ ಪ್ರಮಾಣಪತ್ರವನ್ನೂ ಕೇಳಿತು. ಫೇಸ್‌ಬುಕ್ ಫೆಬ್ರವರಿ 21ರಿಂದ, ರಾಜಕೀಯ ಜಾಹೀರಾತಿನ ತಲೆಯ ಮೇಲೆ Published by ಅಥವಾ Paid for by ಎಂಬ ಸಾಲು ಇರಲೇಬೇಕೆಂದಿತು. ಅಂಥ ಜಾಹೀರಾತು ಏಳು ವರ್ಷ ಸಾರ್ವಜನಿಕ ಭಂಡಾರವಾದ Ad Libraryಯಲ್ಲಿ ಉಳಿಯುತ್ತದೆ. 2021ರ ಡಿಸೆಂಬರಿನಿಂದ ಈ ನಿಯಮ ಪರಿಸರ, ಆರೋಗ್ಯ, ಶಿಕ್ಷಣ, ಅಪರಾಧ, ಆರ್ಥಿಕತೆ ಮೊದಲಾದ ಸಾಮಾಜಿಕ ವಿಷಯಗಳಿಗೂ ವ್ಯಾಪಿಸಿತು. ಆದ್ದರಿಂದ ಜೆ.ಪಿ. ನಗರದ ನಿವಾಸಿಗಳ ಸಂಘವೊಂದು ಪುಟ್ಟೇನಹಳ್ಳಿ ಕೆರೆಗೆ ಕೊಳಚೆ ಬಿಡುವುದನ್ನು ನಿಲ್ಲಿಸಿರೆಂದು ಹಣ ಕೊಟ್ಟು ಸಾರಿದರೆ, ಅದರಲ್ಲಿ ಯಾವ ಪಕ್ಷದ ಹೆಸರಿಲ್ಲದಿದ್ದರೂ, ಸಂಘಕ್ಕೆ ಈ ಸಾಲು ಬೇಕಾಗಬಹುದು.

ಈಗ ಒಂದು ಕ್ಷೇತ್ರವನ್ನೇ ಹಿಡಿದು ನೋಡೋಣ. 2023ರ ಮೇ 10ರಂದು ನಡೆದ ವಿಧಾನಸಭಾ ಚುನಾವಣೆಯಲ್ಲಿ ಜಯನಗರದ ಫಲಿತಾಂಶ ನಿಂತದ್ದು ಕೇವಲ 16 ಮತಗಳ ಮೇಲೆ. ಮರು ಎಣಿಕೆಯ ನಂತರ ನಡುರಾತ್ರಿಯ ಸುಮಾರಿಗೆ ಸಿ.ಕೆ. ರಾಮಮೂರ್ತಿಯವರು ಸೌಮ್ಯಾ ರೆಡ್ಡಿಯವರನ್ನು ಅಷ್ಟೇ ಅಂತರದಿಂದ ಸೋಲಿಸಿದರೆಂದು ಘೋಷಿತವಾಯಿತು. ಅಂಥ ಕ್ಷೇತ್ರದಲ್ಲಿ ಅಭ್ಯರ್ಥಿಯೊಬ್ಬರ ಮೂವತ್ತು ಸೆಕೆಂಡಿನ ವಿಡಿಯೊ ಮೇ 5ರಿಂದ ಓಡಬೇಕೆಂದು ಏಜೆನ್ಸಿಯೊಂದು ಬಯಸಿತೆಂದುಕೊಳ್ಳೋಣ. ಮೇ 2ರೊಳಗೆ ಜಿಲ್ಲಾ ಮಟ್ಟದ ಮಾಧ್ಯಮ ಪ್ರಮಾಣೀಕರಣ ಮತ್ತು ನಿಗಾ ಸಮಿತಿಗೆ, ಅಂದರೆ ಎಲ್ಲರೂ ಎಂಸಿಎಂಸಿ ಎನ್ನುವ ಸಮಿತಿಗೆ, ವಿಡಿಯೊದ ಎರಡು ಪ್ರತಿಗಳು, ದೃಢೀಕರಿಸಿದ ಲಿಖಿತ ಪಾಠ, ತಯಾರಿಕೆಯ ವೆಚ್ಚ, ಪ್ರಸಾರದ ವೆಚ್ಚ, ಹಣವನ್ನು ಚೆಕ್ ಅಥವಾ ಡಿಡಿಯ ಮೂಲಕವೇ ಸಲ್ಲಿಸಲಾಗುವುದೆಂಬ ಹೇಳಿಕೆ ಇವೆಲ್ಲವೂ ಸೇರಬೇಕು. ಪ್ರಮಾಣಪತ್ರ ದೊರೆಯುವುದು ಆ ವಿಡಿಯೊಗೆ ಮಾತ್ರ. ಮರುದಿನ ಅಭ್ಯರ್ಥಿಯ ಆಪ್ತರು ‘ಕೊನೆಯ ಸಾಲೊಂದನ್ನು ಬದಲಿಸಿ ಸ್ವಾಮಿ’ ಎಂದರೆ, ಬದಲಾದುದು ಮತ್ತೊಂದು ಜಾಹೀರಾತಾಗಿ ಹೊಸ ಅರ್ಜಿಯನ್ನು ಬೇಡುತ್ತದೆ.

ಮೆಟಾದ ಕೆಲಸ ಇದಕ್ಕೂ ವಾರಗಳ ಮುಂಚೆ ಆರಂಭವಾಗಿರಬೇಕು. ಜಾಹೀರಾತು ಹಾಕುವ ಏಜೆನ್ಸಿಯ ನೌಕರ ತನ್ನ ಸ್ವಂತ ಖಾತೆಯಿಂದ, ಸರ್ಕಾರ ಕೊಟ್ಟ ಭಾವಚಿತ್ರವುಳ್ಳ ಗುರುತಿನ ಚೀಟಿಯಿಂದ, ತಾನು ಭಾರತದಲ್ಲಿರುವುದನ್ನು ಸ್ಥಾಪಿಸಬೇಕು. ಮಾಲೀಕನ ಅನುಮತಿ ಗುಮಾಸ್ತನಿಗೆ ಒದಗುವುದಿಲ್ಲ. ಅನಂತರ ಅಭ್ಯರ್ಥಿಯ ಪುಟದ ಅಡ್ಮಿನ್ ಆ Paid for by ಸಾಲಿನ ಡಿಸ್‌ಕ್ಲೇಮರನ್ನು ರಚಿಸಿ, ಏಜೆನ್ಸಿಯ ಜಾಹೀರಾತು ಖಾತೆಯನ್ನು ಅದಕ್ಕೆ ಜೋಡಿಸಬೇಕು. ಸಂಸ್ಥೆಯ ಹೆಸರಿನಲ್ಲಿ ಸಾಲು ಬರಬೇಕಾದರೆ ದೂರವಾಣಿ, ಇಮೇಲ್, ಜಾಲತಾಣಗಳನ್ನೋ ಎಂಸಿಎಂಸಿಯ ಪ್ರಮಾಣಪತ್ರವನ್ನೋ ಒದಗಿಸಬೇಕು. ಅಲ್ಲಿ ಇರಬೇಕಾದುದು ಹಣ ಕೊಟ್ಟವರ ಹೆಸರು. ಹಣವನ್ನು ಸಾಗಿಸಿದ ಏಜೆನ್ಸಿಯದಲ್ಲ. ಜಾಹೀರಾತನ್ನು ಏರಿಸುವಾಗ ಅದು ಚುನಾವಣಾ ವರ್ಗದ್ದೆಂದು ಗುರುತು ಹಾಕಲು ಮರೆತರೆ, ಮೆಟಾ ಅದನ್ನು ಮಧ್ಯದಲ್ಲಿ ನಿಲ್ಲಿಸುವುದಲ್ಲದೆ, ಡಿಸ್‌ಕ್ಲೇಮರ್ ಇಲ್ಲದೆ ಓಡಿದ ಜಾಹೀರಾತೆಂಬ ಷರಾದೊಡನೆ ಭಂಡಾರದಲ್ಲಿ ಇಟ್ಟುಬಿಡುತ್ತದೆ. ಎದುರಾಳಿಯ ಕಾರ್ಯಕರ್ತನಿಗೆ ಅಷ್ಟೇ ಸಾಕು. ಕಡೆಗೆ, ಮತದಾನ ಮುಗಿಯುವುದಕ್ಕೆ ಮುಂಚಿನ 48 ಗಂಟೆಗಳ ಮೌನಾವಧಿ ಮೇ 8ರ ಸಂಜೆ 6ಕ್ಕೆ ಆರಂಭವಾಗುವುದರಿಂದ, ಜಾಹೀರಾತಿನ ಕೊನೆಯ ವೇಳೆಯನ್ನು ಏಜೆನ್ಸಿಯೇ ಮೊದಲ ದಿನವೇ ಗೊತ್ತುಪಡಿಸಿಡಬೇಕು. ಕಂಪನಿಗಳು 2019ರಲ್ಲಿ ತಾವಾಗಿ ಒಪ್ಪಿದ್ದು, ಆಯೋಗದ ನೋಟಿಸು ಬಂದ ಮೂರು ಗಂಟೆಗಳಲ್ಲಿ ತೆಗೆಯುವೆವೆಂದು ಮಾತ್ರ.

ಇಷ್ಟೆಲ್ಲವೂ ಸರಿಯಾದ ಮೇಲೂ ನನ್ನ ಅಸಮಾಧಾನ ಹೋಗುವುದಿಲ್ಲ. ಯಂತ್ರ ಪರಿಶೀಲಿಸುವುದು ಗುಂಡಿ ಒತ್ತಿದವನ ಗುರುತನ್ನು, ಹಣದ ಮೂಲವನ್ನಲ್ಲ. ‘ಅಭಿಮಾನಿಗಳ ಬಳಗ’ ಎಂಬಂಥ ಪುಟವೊಂದು ಮೊಬೈಲ್ ಸಂಖ್ಯೆಯನ್ನೂ ಒಂದು ಪುಟದ ಜಾಲತಾಣವನ್ನೂ ತೋರಿಸಿ ಸಾಲನ್ನು ಪಡೆದುಬಿಡಬಲ್ಲದು. ಬಳಗದ ಹಿಂದಿರುವವರು ಯಾರೆಂಬುದಕ್ಕೆ ಸಾಲು ಉತ್ತರಿಸದು. ಅಭ್ಯರ್ಥಿಯ ಲಿಖಿತ ಅನುಮತಿಯಿಲ್ಲದೆ ಅವರ ಪರವಾಗಿ ಪ್ರಚಾರಕ್ಕೆ ಹಣ ಸುರಿಯುವುದು ದಂಡಸಂಹಿತೆಯ 171ಎಚ್ ಕಲಮಿನಡಿ ಅಪರಾಧವಾಗಿತ್ತು, ಇಂದಿನ ಭಾರತೀಯ ನ್ಯಾಯ ಸಂಹಿತೆಯ 176ರಲ್ಲಿಯೂ ಅಪರಾಧವೇ. ಅನುಮತಿಯಿದ್ದರೆ ಆ ವೆಚ್ಚ ಅಭ್ಯರ್ಥಿಯ ಲೆಕ್ಕಕ್ಕೆ, 2023ರಲ್ಲಿ 40 ಲಕ್ಷ ರೂಪಾಯಿ ಇದ್ದ ಮಿತಿಯೊಳಕ್ಕೆ, ಸೇರಬೇಕು. ಈ ಎರಡರಲ್ಲಿ ಯಾವುದೆಂದು ಮೆಟಾದ ನಮೂನೆ ಕೇಳುವುದಿಲ್ಲ.

ಹಿಂದಿನ ಮುದ್ರಕ, ಬಂದವನು ಯಾರೆಂದಾದರೂ ಕೇಳುತ್ತಿದ್ದ. ಕೇಳದಿದ್ದರೆ ಸೆರೆಮನೆ ಅವನಿಗೂ ಇತ್ತು. ಇಂದಿನ ಏಜೆನ್ಸಿ ನಿಂತಿರುವುದು ಆ ಮುದ್ರಕನ ಜಾಗದಲ್ಲಿ. ಆದ್ದರಿಂದ ಅಪರಿಚಿತ ಬಳಗವೊಂದು ಕೆಲಸ ಹಿಡಿದು ಬಂದಾಗ, ಹಣ ಯಾರ ಖಾತೆಯಿಂದ ಬರುವುದೆಂದು ಬರೆಸಿಕೊಂಡು, ಅಭ್ಯರ್ಥಿಯ ಅನುಮತಿಪತ್ರವನ್ನು ಪಡೆದು, ಬಂದವರನ್ನು ಸ್ವತಃ ಬಲ್ಲ ಇಬ್ಬರ ರುಜುವನ್ನು ಹಾಕಿಸಿ, ಎಲ್ಲವನ್ನೂ ಪ್ರಮಾಣಪತ್ರದೊಡನೆ ಒಂದೇ ಕಡತದಲ್ಲಿ ಇಡುವುದು ಲೇಸು. ಪರದೆಯ ಜಾಹೀರಾತಿಗೆ ಆ ರುಜುಗಳನ್ನು ಇಂದು ಯಾರೂ ಕಡ್ಡಾಯ ಮಾಡಿಲ್ಲ. ಆದರೆ ಚುನಾವಣಾಧಿಕಾರಿಯ ನೋಟಿಸು ಬಂದ ದಿನ, ಏಜೆನ್ಸಿಯ ಕೈಯಲ್ಲಿ ಹಣದ ಹಿಂದಿನ ಮನುಷ್ಯನನ್ನು ತೋರಿಸುವ ಕಾಗದ ಇರುವುದು ಆ ಕಡತದಲ್ಲಿ ಮಾತ್ರ.