ಆರು ಗಂಟೆಯ ಸಮಾರಂಭ ಆರಕ್ಕೇ ಶುರುವಾಗಬೇಕಾದರೆ

ಆಮಂತ್ರಣ ಪತ್ರಿಕೆಯಲ್ಲಿ ಸಂಜೆ ಆರು ಗಂಟೆ ಎಂದಿರುತ್ತದೆ. ಆರೂವರೆಯಾದರೂ ವೇದಿಕೆಯ ಮೇಲೆ ಮೈಕ್ ಪರೀಕ್ಷೆ ಮುಗಿದಿರುವುದಿಲ್ಲ. ದೀಪ ಇದೆ, ಬೆಂಕಿಪೊಟ್ಟಣ ಇಲ್ಲ. ಪತ್ರಿಕೆಯಲ್ಲಿರುವುದು ಪ್ರೇಕ್ಷಕರಿಗೆ ಬೇಕಾದ ವಿವರ ಮಾತ್ರ. ಕೆಲಸ ಮಾಡುವವರಿಗೆ ಬೇರೆಯೇ ಒಂದು ಕಾಗದ ಬೇಕು. ಸಮಾರಂಭ ನಡೆಸುವುದನ್ನೇ ವೃತ್ತಿ ಮಾಡಿಕೊಂಡವರು ಅದನ್ನು ರನ್ ಶೀಟ್ ಎನ್ನುತ್ತಾರೆ. ಊರಿನ ಕನ್ನಡ ಸಂಘದ ರಾಜ್ಯೋತ್ಸವಕ್ಕೂ ಅದನ್ನು ಬರೆದುಕೊಳ್ಳಬಹುದು.

ಬರೆಯಲು ಶುರು ಮಾಡಬೇಕಾದದ್ದು ಕೊನೆಯಿಂದ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಬಳಸುವಂತಿಲ್ಲ ಎಂದು 2000ದ ಶಬ್ದಮಾಲಿನ್ಯ ನಿಯಮಗಳು ಹೇಳುತ್ತವೆ. ಹಾಗಾಗಿ 9.20ಕ್ಕೆ ಮುಗಿಯುವಂತೆ ಯೋಜಿಸಿದರೆ, ತಡವಾದರೂ ನಲವತ್ತು ನಿಮಿಷ ಕೈಯಲ್ಲಿರುತ್ತದೆ. ಅಲ್ಲಿಂದ ಹಿಂದಕ್ಕೆ ಬರುತ್ತಾ ಒಂದೊಂದು ಅಂಶಕ್ಕೂ ನಿಜವಾಗಿ ಎಷ್ಟು ಹೊತ್ತು ಬೇಕೆಂದು ಲೆಕ್ಕ ಹಾಕಬೇಕು. ನಾಡಗೀತೆಗೆ ಸರ್ಕಾರ 2022ರಲ್ಲಿ ನಿಗದಿಪಡಿಸಿದ ಅವಧಿ 2 ನಿಮಿಷ 30 ಸೆಕೆಂಡು. ಆದರೆ ಹಾಡುವವರು ವೇದಿಕೆ ಹತ್ತಿ, ಮೈಕ್ ಹೊಂದಿಸಿಕೊಂಡು, ಹಾಡಿ ಇಳಿಯಲು ಐದು ನಿಮಿಷ ಬೇಕು. ಪಟ್ಟಿಯಲ್ಲಿ ಬರೆಯಬೇಕಾದದ್ದು ಆ ಐದು.

ಲೆಕ್ಕ ಹೆಚ್ಚಾಗಿ ತಪ್ಪುವುದು ಬಹುಮಾನ ವಿತರಣೆಯಲ್ಲಿ. ಅರವತ್ತು ಮಕ್ಕಳಿದ್ದಾರೆ ಎನ್ನಿ. ಹೆಸರು ಕರೆದು, ಮಗು ಸಭೆಯಿಂದ ಎದ್ದು ಬಂದು, ಫೋಟೊ ತೆಗೆಸಿಕೊಂಡು ಇಳಿಯಲು ಕಡಿಮೆಯೆಂದರೂ ಇಪ್ಪತ್ತು ಸೆಕೆಂಡು. ಅಲ್ಲಿಗೆ ಇಪ್ಪತ್ತು ನಿಮಿಷ ಆಯಿತು. ಇದಕ್ಕೆ ಹತ್ತು ನಿಮಿಷ ಸಾಕೆಂದು ಬರೆದವರ ಊಟ ಹತ್ತು ನಿಮಿಷ ತಡವಾಗುತ್ತದೆ. ಐದೈದು ಮಕ್ಕಳನ್ನು ಮೊದಲೇ ಮೆಟ್ಟಿಲ ಬಳಿ ಸಾಲಾಗಿ ನಿಲ್ಲಿಸಿದರೆ ಸಮಯ ಉಳಿಯುತ್ತದೆ. ಆದರೆ ನಿಲ್ಲಿಸುವವರು ಯಾರು ಎಂಬುದನ್ನೂ ಪಟ್ಟಿಯೇ ಹೇಳಬೇಕು.

ಅದಕ್ಕಾಗಿ ಪ್ರತಿ ಸಾಲಿನಲ್ಲೂ ನಾಲ್ಕು ವಿಷಯ ಇರಲಿ: ಗಂಟೆ, ಕೆಲಸ, ಹೊಣೆ ಹೊತ್ತ ಒಬ್ಬರ ಹೆಸರು, ಬೇಕಾದ ಸಾಮಾನು.

5.40 – ದೀಪ, ಎಣ್ಣೆ, ಬತ್ತಿ, ಬೆಂಕಿಪೊಟ್ಟಣ ವೇದಿಕೆಯಲ್ಲಿ – ವೇದಿಕೆ ಸಹಾಯಕ
5.50 – ನಾಡಗೀತೆ ತಂಡ ಎಡ ಪರದೆಯ ಹಿಂದೆ – ಸಂಗೀತ ಶಿಕ್ಷಕಿ
6.00 – ನಾಡಗೀತೆ – ನಿರೂಪಕಿ
6.05 – ಸ್ವಾಗತ – ಕಾರ್ಯದರ್ಶಿ
6.10 – ದೀಪ ಬೆಳಗುವುದು – ನಿರೂಪಕಿ

ಸ್ವಂತ ಪಟ್ಟಿಯಲ್ಲಿ ಹುದ್ದೆಯ ಜೊತೆಗೆ ಹೆಸರೂ ಇರಬೇಕು. 'ಸ್ವಯಂಸೇವಕರು' ಎಂದು ಬರೆದ ಸಾಲನ್ನು ಯಾರೂ ಮಾಡುವುದಿಲ್ಲ. ಪ್ರತಿಯೊಬ್ಬರೂ ಇನ್ನೊಬ್ಬರು ಮಾಡುತ್ತಾರೆಂದು ಸುಮ್ಮನಿರುತ್ತಾರೆ.

ಇನ್ನು ಎಡವಟ್ಟುಗಳ ಮಾತು. 'ಅತಿಥಿ ತಡವಾದರೆ ನೋಡಿಕೊಳ್ಳುವುದು' ಎಂಬುದು ಯೋಜನೆಯಲ್ಲ. ಯಾವ ಗಳಿಗೆಯಲ್ಲಿ, ಯಾರು, ಏನನ್ನು ಬದಲಿಸುತ್ತಾರೆ ಎಂದು ಬರೆಯಬೇಕು. ಉದಾಹರಣೆಗೆ: 5.45ಕ್ಕೆ ಅತಿಥಿಯ ಕಾರು ಊರಿನ ಬೈಪಾಸ್ ತಲುಪಿರದಿದ್ದರೆ, ಸಂಚಾಲಕರ ಸೂಚನೆಯಂತೆ 6.10ಕ್ಕೆ ಮಕ್ಕಳ ಎರಡು ನೃತ್ಯ. ದೀಪ ಅತಿಥಿ ಬಂದ ಮೇಲೆ. ಈ ಒಂದು ಸಾಲು ಬರೆದ ಕೂಡಲೇ ಇನ್ನೊಂದು ಸಾಲನ್ನೂ ತಿದ್ದಬೇಕಾಗುತ್ತದೆ. ಏಳೂವರೆಗೆ ಕುಣಿಯಬೇಕಿದ್ದ ಮಕ್ಕಳು ಈಗ ಆರಕ್ಕೇ ವೇಷ ಹಾಕಿಕೊಂಡು ಸಿದ್ಧರಿರಬೇಕು. ಹಾಗಾಗಿ ಅವರ ಮೇಕಪ್ ನಾಲ್ಕೂವರೆಗೇ ಶುರುವಾಗಬೇಕು. ಬದಲಿ ವ್ಯವಸ್ಥೆಗೆ ಬೇಕಾದ ತಯಾರಿ ಮೂಲ ಪಟ್ಟಿಯಲ್ಲೇ ಇಲ್ಲದಿದ್ದರೆ ಅದು ಕಾಗದದಲ್ಲಷ್ಟೇ ಉಳಿಯುತ್ತದೆ.

ಕರೆಂಟ್ ಹೋದರೂ ಇದೇ ಕ್ರಮ. ಜನರೇಟರ್ ಬಳಿ ಯಾರಿದ್ದಾರೆ, ಡೀಸೆಲ್ ಯಾವಾಗ ನೋಡಿದ್ದಾರೆ, ಬೆಳಕು ಬರುವವರೆಗೆ ಸಭೆಯನ್ನು ಯಾರು ಹಿಡಿದಿಡುತ್ತಾರೆ ಎಂಬ ಮೂರು ಉತ್ತರ ಸಾಕು.

ಇಷ್ಟೆಲ್ಲ ಬದಲಾವಣೆ ಎಲ್ಲರಿಗೂ ತಲುಪುವುದು ಹೇಗೆ? ವಾಟ್ಸ್ಆ್ಯಪ್ ಗುಂಪಿಗೆ ಹಾಕಿದ ಸಂದೇಶವನ್ನು ಬಾಳೆಎಲೆ ಹಾಸುತ್ತಿರುವವರು ನೋಡಿರುವುದಿಲ್ಲ. ಆದ್ದರಿಂದ ಪಟ್ಟಿಯ ಹಿಂಬದಿಯಲ್ಲಿ ಕರೆಗಳ ಕವಲು ಬರೆಯುತ್ತಾರೆ. ಸಂಚಾಲಕರು ನಾಲ್ವರಿಗೆ ಮಾತ್ರ ಕರೆ ಮಾಡುತ್ತಾರೆ: ವೇದಿಕೆ, ಅತಿಥಿ, ಊಟ, ಬಾಗಿಲು ಮತ್ತು ಪಾರ್ಕಿಂಗ್. ಆ ನಾಲ್ವರು ತಮ್ಮ ತಮ್ಮ ಐದಾರು ಮಂದಿಗೆ ತಿಳಿಸಿ, 'ಎಲ್ಲರಿಗೂ ಹೇಳಾಯಿತು' ಎಂದು ಮೇಲಕ್ಕೆ ಮರಳಿ ತಿಳಿಸುತ್ತಾರೆ. ಆ ಉತ್ತರ ಬರುವವರೆಗೆ ಸುದ್ದಿ ತಲುಪಿಲ್ಲ ಎಂದೇ ತಿಳಿಯಬೇಕು. ಪ್ರತಿ ಹೆಸರಿನ ಮುಂದೆ ಬದಲಿ ವ್ಯಕ್ತಿಯೂ ಇರಲಿ. ವೇದಿಕೆಯ ಮೇಲಿರುವ ನಿರೂಪಕಿ ಫೋನ್ ಎತ್ತುವಂತಿಲ್ಲ. ಅವರ ಕೈಗೆ ಚೀಟಿ ಕೊಡಲೆಂದೇ ಪರದೆಯ ಬಳಿ ಒಬ್ಬ ಹುಡುಗ ನಿಂತಿರಬೇಕು. ಯಾರಾದರೂ ಕುಸಿದುಬಿದ್ದರೆ ಮಾತ್ರ ಈ ಕವಲು ಹಿಡಿಯಬಾರದು: ಕಂಡವರು ನೇರವಾಗಿ 108ಕ್ಕೆ ಕರೆ ಮಾಡಿ, ಆಮೇಲೆ ಸಂಚಾಲಕರಿಗೆ ತಿಳಿಸಬೇಕು.

ಪಟ್ಟಿ ಮೂರ್ನಾಲ್ಕು ಸಲ ಬದಲಾಗುವುದು ಸಹಜ. ಹಳೆಯ ಪ್ರತಿ ಹಿಡಿದವರಿಂದಲೇ ಗೊಂದಲ ಹುಟ್ಟುವುದರಿಂದ, ಮೇಲ್ತುದಿಯಲ್ಲಿ 'ಪ್ರತಿ 3, ಅಕ್ಟೋಬರ್ 31, ಸಂಜೆ 5' ಎಂದು ಬರೆದು ಹಳೆಯವನ್ನು ವಾಪಸ್ ಪಡೆಯಬೇಕು. ಹಿಂದಿನ ಸಂಜೆ ತಂಡದವರೆಲ್ಲ ಸಭಾಂಗಣದಲ್ಲೇ ಕುಳಿತು ಒಂದೊಂದು ಸಾಲನ್ನೂ ಗಟ್ಟಿಯಾಗಿ ಓದಲಿ. ಒಬ್ಬರ ಹೆಸರು ಒಂದೇ ನಿಮಿಷಕ್ಕೆ ಎರಡು ಕಡೆ ಬಂದಿದ್ದರೆ ಅದು ಆಗಲೇ ಕಿವಿಗೆ ಬೀಳುತ್ತದೆ, ತಿದ್ದಲು ಒಂದು ರಾತ್ರಿ ಉಳಿದಿರುತ್ತದೆ.