ಚೀಟಿಯಲ್ಲಿ ‘ರಿಯಾಕ್ಟಿವ್’ ಎಂದಿದೆಯೇ? ಮೊದಲು ಲೆಕ್ಕ ಹಾಕಿ

ಬಸುರಿಯಾದ ಹೆಣ್ಣುಮಗಳು ಮೊದಲ ತಪಾಸಣೆಗೆ ಆಸ್ಪತ್ರೆಗೆ ಹೋದಾಗ ರಕ್ತದೊತ್ತಡ, ತೂಕ, ಹಿಮೋಗ್ಲೋಬಿನ್ ನೋಡುವುದರ ಜೊತೆಗೆ ಎಚ್‌ಐವಿ ಪರೀಕ್ಷೆಯನ್ನೂ ಮಾಡುತ್ತಾರೆ. ಬೆರಳ ತುದಿಯಿಂದ ಒಂದು ಹನಿ ರಕ್ತ ತೆಗೆದು ಪುಟ್ಟ ಕಿಟ್ಟಿನ ಮೇಲೆ ಹಾಕುತ್ತಾರೆ. ಸ್ವಲ್ಪ ಹೊತ್ತಿನಲ್ಲೇ ಗೆರೆ ಮೂಡುತ್ತದೆ, ಇಲ್ಲವೇ ಮೂಡುವುದಿಲ್ಲ. ಹೆಚ್ಚಿನವರಿಗೆ ಮೂಡುವುದಿಲ್ಲ, ಅಲ್ಲಿಗೆ ಮುಗಿಯಿತು. ಆದರೆ ಎಲ್ಲೋ ಒಬ್ಬಳ ಚೀಟಿಯಲ್ಲಿ ‘ರಿಯಾಕ್ಟಿವ್’ ಎಂದು ಬರೆದಿರುತ್ತದೆ. ಆಗ ಯಾರಾದರೂ ಕೇಳಿಯೇ ಕೇಳುತ್ತಾರೆ: “ಈ ಪರೀಕ್ಷೆ ಎಷ್ಟು ಸರಿ?” “ನೂರಕ್ಕೆ ತೊಂಬತ್ತೊಂಬತ್ತು ಸರಿ” ಎಂಬ ಉತ್ತರ ಬರುತ್ತದೆ. “ಹಾಗಾದ್ರೆ ಇವಳಿಗೆ ಕಾಯಿಲೆ ಇರೋದು ನೂರಕ್ಕೆ ತೊಂಬತ್ತೊಂಬತ್ತು ಖಂಡಿತ!” ಎಂದು ಮನೆಯವರು ತೀರ್ಮಾನಿಸಿಬಿಡುತ್ತಾರೆ. ಅತ್ತೆ ಮೌನ, ಗಂಡ ಮೌನ. ಆ ಹುಡುಗಿಯ ಪಾಡು ಹೇಳುವುದೇ ಬೇಡ.

ಸೋದರಿಯರೇ, ಆ ಕೊನೆಯ ಮಾತು ತಪ್ಪು. ಪರೀಕ್ಷೆ ಕೆಟ್ಟದ್ದು ಎಂದಲ್ಲ, ಲೆಕ್ಕ ಕೆಟ್ಟದ್ದು. ಆ ಲೆಕ್ಕವನ್ನು ತಾಳೆ ನೋಡಲು ದೊಡ್ಡ ಓದು ಬೇಡ. ಹಾಲಿನ ಲೆಕ್ಕ, ದಿನಸಿ ಲೆಕ್ಕ ಇಡುವ ಕೈಗೆ ಇದೂ ಬರುತ್ತದೆ.

ಹತ್ತು ಸಾವಿರ ಬಸುರಿಯರು

ನಮ್ಮ ದೇಶದಲ್ಲಿ ಎಚ್‌ಐವಿ ಸೋಂಕು ಇರುವವರು ವಯಸ್ಕರಲ್ಲಿ ಸಾವಿರಕ್ಕೆ ಸುಮಾರು 2 ಜನ. ಬಸುರಿಯರಲ್ಲೂ ಹೆಚ್ಚುಕಡಿಮೆ ಅಷ್ಟೇ. ಈಗ 10,000 ಬಸುರಿಯರು ಸಾಲಾಗಿ ಕುಳಿತಿದ್ದಾರೆ ಎಂದಿಟ್ಟುಕೊಳ್ಳಿ. ಇವರಲ್ಲಿ ನಿಜವಾಗಿ ಸೋಂಕಿರುವವರು 20 ಮಂದಿ. ಉಳಿದ 9,980 ಮಂದಿಗೆ ಏನೂ ಇಲ್ಲ.

ಎಲ್ಲರಿಗೂ ಪರೀಕ್ಷೆಯಾಯಿತು. ಮೊದಲ ಕಿಟ್ಟನ್ನು ಆರಿಸುವಾಗಲೇ ಸೋಂಕಿದ್ದವರು ತಪ್ಪಿಹೋಗದಂತಹದನ್ನು ಆರಿಸಿರುತ್ತಾರೆ, ಆದ್ದರಿಂದ ಆ 20 ಮಂದಿಯೂ ಸಿಕ್ಕಿದರು ಎನ್ನೋಣ. ಇನ್ನು ಏನೂ ಇಲ್ಲದವರಲ್ಲಿ 100ಕ್ಕೆ 99 ಮಂದಿಗೆ ‘ಇಲ್ಲ’ ಎಂದು ಸರಿಯಾಗಿಯೇ ಹೇಳಿತು, ಒಬ್ಬರಿಗೆ ಮಾತ್ರ ತಪ್ಪಾಗಿ ಗೆರೆ ತೋರಿಸಿತು. ನೂರಕ್ಕೆ ಒಂದೇ ತಪ್ಪು, ಏನು ಮಹಾ ಎನಿಸುತ್ತದೆ. ಆದರೆ 9,980ರಲ್ಲಿ ನೂರಕ್ಕೆ ಒಂದು ಎಂದರೆ ಎಷ್ಟು? ಹತ್ತಿರ ಹತ್ತಿರ 100.

ಈಗ ಗೆರೆ ಮೂಡಿದವರನ್ನೆಲ್ಲ ಒಂದು ಕೋಣೆಯಲ್ಲಿ ಕೂರಿಸಿ. ನಿಜವಾದವರು 20, ಸುಮ್ಮನೆ ಸಿಕ್ಕಿಬಿದ್ದವರು 100, ಒಟ್ಟು 120. ನಮ್ಮ ಹುಡುಗಿ ಈ ಕೋಣೆಯಲ್ಲಿದ್ದಾಳೆ. ಅವಳು ಆ 20ರಲ್ಲಿ ಒಬ್ಬಳಾಗಿರುವ ಸಂಭವ ಆರಕ್ಕೆ ಒಂದು. ನೂರಕ್ಕೆ ಹೇಳಿದರೆ ಸುಮಾರು 17. ಎಲ್ಲಿಯ ತೊಂಬತ್ತೊಂಬತ್ತು, ಎಲ್ಲಿಯ ಹದಿನೇಳು!

“ಇಷ್ಟು ವ್ಯತ್ಯಾಸವೇ? ನಿಮ್ಮ ಲೆಕ್ಕವೇ ತಪ್ಪಿರಬೇಕು” ಎನ್ನುವವರು ಇದ್ದೇ ಇರುತ್ತಾರೆ. ಹಾಗಾದರೆ ತೊಂಬತ್ತೊಂಬತ್ತರ ಉತ್ತರವನ್ನೇ ಸರಿ ಎಂದುಕೊಂಡು ನೋಡಿ. ಆ ಕೋಣೆಯ 120 ಜನರಲ್ಲಿ ನೂರಕ್ಕೆ 99 ಎಂದರೆ ಸುಮಾರು 119 ಮಂದಿಗೆ ಸೋಂಕಿರಬೇಕಾಯಿತು. ಆದರೆ ಇಡೀ ಹತ್ತು ಸಾವಿರದಲ್ಲಿ ಸೋಂಕಿದ್ದವರೇ 20 ಮಂದಿ! ಉಳಿದ 99 ಜನ ಎಲ್ಲಿಂದ ಬಂದರು? ಡಬ್ಬಿಯಲ್ಲಿ ಇಪ್ಪತ್ತು ಉಂಡೆ ಇಟ್ಟು, ಮಕ್ಕಳು ನೂರ ಹತ್ತೊಂಬತ್ತು ತಿಂದರು ಎಂದಂತಾಯಿತು. ಉತ್ತರ ತಪ್ಪು ಎಂದು ಹಿಡಿಯಲು ಇದೊಂದೇ ಸಾಕು.

ಅಕ್ಕಿ ಆರಿಸಿದ ಹಾಗೆ

ಹೀಗೇಕಾಗುತ್ತದೆ? ಅಕ್ಕಿ ಆರಿಸುವುದನ್ನು ನೆನೆಸಿಕೊಳ್ಳಿ. ನೀವು ಮೊರ ಹಿಡಿದು ಕುಳಿತರೆ ಒಂದು ಕಲ್ಲನ್ನೂ ಬಿಡುವುದಿಲ್ಲ. ಆದರೂ ಕಲ್ಲಿನ ಹಾಗೆ ಕಂಡ ಒಂದೊಂದು ಕಪ್ಪು ಅಕ್ಕಿ, ಬಣ್ಣ ಕೆಟ್ಟ ನುಚ್ಚು ಕಲ್ಲಿನ ಜೊತೆಗೆ ಹೋಗುತ್ತದೆ. ಕಲ್ಲು ತುಂಬಿದ ಅಕ್ಕಿಯಾದರೆ ಆರಿಸಿಟ್ಟ ರಾಶಿಯಲ್ಲಿ ಬಹುಪಾಲು ಕಲ್ಲೇ ಇರುತ್ತದೆ. ಶುದ್ಧ ಮಾಡಿದ ಅಕ್ಕಿಯಾದರೋ? ಸೇರಿಗೆ ಒಂದೆರಡು ಕಲ್ಲು ಸಿಕ್ಕೀತು, ಆರಿಸಿಟ್ಟ ರಾಶಿಯಲ್ಲಿ ಹೆಚ್ಚಾಗಿ ಇರುವುದು ಅಕ್ಕಿಯೇ. ಎರಡು ಸಲವೂ ನಿಮ್ಮ ಕಣ್ಣು ಅದೇ, ಕೈ ಅದೇ. ಬದಲಾದದ್ದು ಅಕ್ಕಿ.

ಪರೀಕ್ಷೆಯೂ ಹಾಗೆಯೇ. ಕಾಯಿಲೆ ಅಪರೂಪದ್ದಾದರೆ, ಒಳ್ಳೆಯ ಪರೀಕ್ಷೆ ಆರಿಸಿಟ್ಟವರಲ್ಲೂ ಹೆಚ್ಚಿನವರು ಆರೋಗ್ಯವಂತರೇ. ಗೊಂದಲ ಹುಟ್ಟುವುದು ಎರಡು ಪ್ರಶ್ನೆಗಳನ್ನು ಒಂದೇ ಎಂದು ತಿಳಿಯುವುದರಿಂದ. ‘ಸೋಂಕಿದ್ದವರಲ್ಲಿ ಎಷ್ಟು ಜನರಿಗೆ ಗೆರೆ ಮೂಡುತ್ತದೆ?’ ಎನ್ನುವುದು ಒಂದು. ‘ಗೆರೆ ಮೂಡಿದವರಲ್ಲಿ ಎಷ್ಟು ಜನರಿಗೆ ಸೋಂಕಿದೆ?’ ಎನ್ನುವುದು ಇನ್ನೊಂದು. ಸಂತೆಗೆ ಹೊರಟವರೆಲ್ಲ ಚೀಲ ಹಿಡಿದಿರುತ್ತಾರೆ, ನಿಜ. ಹಾಗೆಂದು ಚೀಲ ಹಿಡಿದವರೆಲ್ಲ ಸಂತೆಗೆ ಹೊರಟವರೇ?

ಓದಿದವರೂ ಎಡವಿದ ಪ್ರಶ್ನೆ

ಇದು ನಮ್ಮ ನಿಮ್ಮಂಥವರಿಗೆ ಮಾತ್ರ ಆಗುವ ಗೊಂದಲವಲ್ಲ. 1978ರಲ್ಲಿ ಅಮೆರಿಕದ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ ಒಂದು ಪುಟ್ಟ ವರದಿ ಬಂತು. ಹಾರ್ವರ್ಡ್ ವೈದ್ಯಕೀಯ ಶಾಲೆಗೆ ಸೇರಿದ ಆಸ್ಪತ್ರೆಗಳಲ್ಲಿ ವೈದ್ಯರು, ವಿದ್ಯಾರ್ಥಿಗಳು ಸೇರಿ 60 ಜನರಿಗೆ ಒಂದು ಪ್ರಶ್ನೆ ಕೇಳಿದ್ದರು. ಒಂದು ಕಾಯಿಲೆ ಸಾವಿರಕ್ಕೆ ಒಬ್ಬರಿಗಿದೆ, ಪರೀಕ್ಷೆ ಆರೋಗ್ಯವಂತರಲ್ಲಿ ನೂರಕ್ಕೆ 5 ಮಂದಿಗೆ ತಪ್ಪಾಗಿ ‘ಇದೆ’ ಎನ್ನುತ್ತದೆ. ಹಾಗಾದರೆ ‘ಇದೆ’ ಎಂದು ಬಂದವರಿಗೆ ನಿಜವಾಗಿ ಕಾಯಿಲೆ ಇರುವ ಸಂಭವವೆಷ್ಟು? ನೂರಕ್ಕೆ 95 ಎಂದವರೇ 27 ಮಂದಿ. ಸರಿಯುತ್ತರ ಕೊಟ್ಟವರು 11 ಮಂದಿ ಮಾತ್ರ.

ನೀವೇ ಮಾಡಿ ನೋಡಿ. ಸಾವಿರದಲ್ಲಿ ನಿಜವಾಗಿ ಕಾಯಿಲೆ ಇರುವವರು ಒಬ್ಬರು. ಉಳಿದವರಲ್ಲಿ ನೂರಕ್ಕೆ ಐದರಂತೆ ತಪ್ಪಾಗಿ ಸಿಕ್ಕಿದವರು ಸುಮಾರು 50. ಅಂದರೆ 51 ಜನರಲ್ಲಿ ಒಬ್ಬರು, ನೂರಕ್ಕೆ ಸುಮಾರು 2. ತೊಂಬತ್ತೈದು ಎಂದವರು ‘ಸಾವಿರಕ್ಕೆ ಒಬ್ಬರು’ ಎಂಬ ಅಂಕಿಯನ್ನು ಮುಟ್ಟಲೇ ಇಲ್ಲ, ಗಮನಿಸಿದಿರಾ? ಗುರುತು ಹಿಡಿಯುವುದು ಅಲ್ಲೇ. ಯಾರಾದರೂ ಇಂಥ ಉತ್ತರ ಕೊಟ್ಟರೆ, “ಕಾಯಿಲೆ ಸಾವಿರಕ್ಕೆ ಒಬ್ಬರ ಬದಲು ಲಕ್ಷಕ್ಕೆ ಒಬ್ಬರಿಗೆ ಇದ್ದರೆ ನಿಮ್ಮ ಉತ್ತರ ಬದಲಾಗುತ್ತದೆಯೇ?” ಎಂದು ಕೇಳಿ. ಬದಲಾಗುವುದಿಲ್ಲ ಎಂದರೆ ಆ ಲೆಕ್ಕದಲ್ಲಿ ಕಾಯಿಲೆಯ ವಿರಳತೆ ಸೇರಿಯೇ ಇಲ್ಲ.

ಮೂರು ಕಿಟ್ಟು ಏಕೆ?

ಮೊದಲ ಗೆರೆಯನ್ನು ನಂಬಿ ಸರ್ಕಾರಿ ಆಸ್ಪತ್ರೆಯಲ್ಲೂ ಯಾರಿಗೂ ಎಚ್‌ಐವಿ ಇದೆ ಎಂದು ಹೇಳುವುದಿಲ್ಲ. ಐಸಿಟಿಸಿ ಎಂದು ಬೋರ್ಡಿರುವ ಆಪ್ತಸಮಾಲೋಚನಾ ಕೇಂದ್ರಕ್ಕೆ ಕಳಿಸಿ, ಒಟ್ಟು ಮೂರು ಬೇರೆ ಬೇರೆ ಕಿಟ್ಟುಗಳಲ್ಲಿ ನೋಡುತ್ತಾರೆ. ಮೂರೂ ‘ಇದೆ’ ಎಂದರೆ ಮಾತ್ರ ಪಾಸಿಟಿವ್ ಎಂದು ಬರೆಯುತ್ತಾರೆ. ಇದರ ಹಿಂದಿರುವುದೂ ನಾವು ಮಾಡಿದ ಲೆಕ್ಕವೇ.

ಕೋಣೆಯ ಆ 120 ಜನರಿಗೆ ಎರಡನೆಯ ಕಿಟ್ಟಿನಲ್ಲಿ ನೋಡಿ. ನಿಜವಾದ 20 ಮಂದಿ ಮತ್ತೆ ಸಿಗುತ್ತಾರೆ. ಸುಮ್ಮನೆ ಸಿಕ್ಕಿದ್ದ 100 ಮಂದಿಯಲ್ಲಿ 99 ಮಂದಿ ಬಿಡುಗಡೆಯಾಗುತ್ತಾರೆ, ತಪ್ಪಾಗಿ ಉಳಿಯುವವರು ಒಬ್ಬರು. ಈಗ ಕೋಣೆಯಲ್ಲಿ 21 ಜನ, ಅವರಲ್ಲಿ 20 ಮಂದಿ ನಿಜವಾದವರು. ಆರಕ್ಕೆ ಒಂದಿದ್ದ ಸಂಭವ ಒಂದೇ ಹೆಜ್ಜೆಗೆ ನೂರಕ್ಕೆ 95ಕ್ಕೆ ಏರಿತು. ಮೂರನೆಯ ಕಿಟ್ಟು ಉಳಿದ ಆ ಒಬ್ಬರನ್ನೂ ಬಹುಮಟ್ಟಿಗೆ ಬಿಡಿಸುತ್ತದೆ.

“ಅದೇ ಕಿಟ್ಟಿನಲ್ಲೇ ಮೂರು ಸಲ ನೋಡಬಾರದೇ?” ಎಂದು ಕೇಳಬಹುದು. ಪ್ರಯೋಜನವಿಲ್ಲ. ಒಬ್ಬಳ ರಕ್ತದಲ್ಲಿರುವ ಬೇರೆ ಯಾವುದೋ ಪ್ರತಿಕಾಯ ಒಂದು ಕಿಟ್ಟಿನ ಪಟ್ಟಿಗೆ ಅಂಟಿ ಗೆರೆ ಮೂಡಿಸಿದರೆ, ಅದೇ ಕಿಟ್ಟಿನಲ್ಲಿ ಮತ್ತೆ ನೋಡಿದರೂ ಮತ್ತೆ ಅಂಟೀತು. ಬೇರೆ ರೀತಿಯಲ್ಲಿ ತಯಾರಾದ ಕಿಟ್ಟು ಬೇಕಾಗುವುದು ಇದಕ್ಕೇ. ಎರಡು ಕಿಟ್ಟು ‘ಇದೆ’ ಎಂದು, ಒಂದು ‘ಇಲ್ಲ’ ಎಂದರೆ ತೀರ್ಪು ಕೊಡದೆ ಕೆಲವು ವಾರ ಬಿಟ್ಟು ಮತ್ತೆ ರಕ್ತ ತೆಗೆಯುತ್ತಾರೆ. ಅಲ್ಲಿಯ ತನಕ ಅದು ‘ಗೊತ್ತಿಲ್ಲ’ ಎಂದೇ ಅರ್ಥ.

ಈ ಲೆಕ್ಕ ಎಲ್ಲರಿಗೂ ಒಂದೇ ಅಲ್ಲ

ಈ ಆರಕ್ಕೆ ಒಂದು ಎಂಬುದನ್ನು ಕಂಠಪಾಠ ಮಾಡಿಕೊಳ್ಳಬೇಡಿ. ಅದು ಸಾವಿರಕ್ಕೆ ಇಬ್ಬರಿರುವ ಗುಂಪಿನ ಲೆಕ್ಕ. ಗಂಡನಿಗೆ ಸೋಂಕಿದೆ ಎಂದು ಮೊದಲೇ ಗೊತ್ತಾಗಿರುವ ಹೆಣ್ಣುಮಗಳ ವಿಷಯ ಬೇರೆ. ಅಂಥ 100 ಮಂದಿಯಲ್ಲಿ 20 ಮಂದಿಗೆ ಸೋಂಕಿದೆ ಎಂದಿಟ್ಟುಕೊಳ್ಳಿ. ಆ 20 ಮಂದಿಗೂ ಗೆರೆ ಮೂಡುತ್ತದೆ, ಉಳಿದ 80ರಲ್ಲಿ ತಪ್ಪಾಗಿ ಮೂಡುವುದು ಒಬ್ಬರಿಗೆ. ಅಲ್ಲಿ ಮೊದಲ ಗೆರೆಗೇ ನೂರಕ್ಕೆ 95ರ ತೂಕ. ಅದೇ ಕಿಟ್ಟು, ಅದೇ ಗೆರೆ, ಆದರೆ ಅಕ್ಕಿ ಬೇರೆ. ಅದಕ್ಕೇ ವೈದ್ಯರು, ಆಪ್ತಸಮಾಲೋಚಕರು ಮನೆಯ ವಿಷಯ ಕೇಳಿದಾಗ ಸಂಕೋಚ ಬಿಟ್ಟು ಹೇಳಬೇಕು. ನೀವು ಯಾವ ಗುಂಪಿನವರು ಎನ್ನುವುದು ತಿಳಿಯದೆ ಚೀಟಿಯ ಅರ್ಥ ತಿಳಿಯುವುದಿಲ್ಲ.

ಮೊದಲ ಪರೀಕ್ಷೆ ‘ಇಲ್ಲ’ ಎಂದರೆ? ಹತ್ತು ಸಾವಿರದಲ್ಲಿ 9,880 ಮಂದಿಗೆ ಹಾಗೆ ಬರುತ್ತದೆ, ಅದನ್ನು ಧಾರಾಳವಾಗಿ ನಂಬಬಹುದು. ಒಂದು ಎಚ್ಚರಿಕೆ ಮಾತ್ರ ಇರಲಿ. ಸೋಂಕು ಇತ್ತೀಚೆಗೆ, ಕೆಲವೇ ವಾರಗಳ ಹಿಂದೆ ತಗುಲಿದ್ದರೆ ಪರೀಕ್ಷೆಗೆ ಇನ್ನೂ ಕಾಣಿಸದೆ ಹೋಗಬಹುದು. ಅನುಮಾನಕ್ಕೆ ಕಾರಣವಿದ್ದರೆ ಮೂರು ತಿಂಗಳ ನಂತರ ಮತ್ತೆ ಮಾಡಿಸಬೇಕು.

ಇಷ್ಟೆಲ್ಲ ಓದಿ, “ಆರಕ್ಕೆ ಒಂದು ತಾನೇ, ಇನ್ನೊಂದು ಪರೀಕ್ಷೆ ಯಾಕೆ” ಎಂದು ಸುಮ್ಮನಿರುವವರಿಗೂ ಒಂದು ಮಾತು. ಸಾವಿರಕ್ಕೆ ಎರಡಿದ್ದ ಸಂಭವ ಒಂದು ಗೆರೆಯಿಂದ ಆರಕ್ಕೆ ಒಂದಾಗಿದೆ, ಅದು ಸಣ್ಣ ಏರಿಕೆಯಲ್ಲ. ಸೋಂಕಿರುವ ತಾಯಿಗೆ ಚಿಕಿತ್ಸೆ ಸಿಗದಿದ್ದರೆ ನೂರು ಮಕ್ಕಳಲ್ಲಿ 15ರಿಂದ 45 ಮಕ್ಕಳಿಗೆ ಸೋಂಕು ದಾಟುತ್ತದೆ. ಬಸುರಿನಲ್ಲೇ ಮಾತ್ರೆ ಆರಂಭಿಸಿದರೆ ಅದು ನೂರಕ್ಕೆ 5ಕ್ಕಿಂತ ಕೆಳಗಿಳಿಯುತ್ತದೆ. ಸರ್ಕಾರಿ ಎಆರ್‌ಟಿ ಕೇಂದ್ರದಲ್ಲಿ ಆ ಮಾತ್ರೆ ಉಚಿತ.

ಆದ್ದರಿಂದ ‘ರಿಯಾಕ್ಟಿವ್’ ಚೀಟಿ ಕೈಗೆ ಬಂದರೆ ಊರಿಗೆಲ್ಲ ಹೇಳುವುದೂ ಬೇಡ, ಸೆರಗಿನಲ್ಲಿ ಮುಚ್ಚಿಡುವುದೂ ಬೇಡ. ಆಕೆಯ ಒಪ್ಪಿಗೆಯಿಲ್ಲದೆ ಇನ್ನೊಬ್ಬರಿಗೆ ಈ ವಿಷಯ ತಿಳಿಸುವುದನ್ನು 2017ರ ಎಚ್‌ಐವಿ ಕಾಯ್ದೆಯೇ ತಡೆಯುತ್ತದೆ. ಅದೇ ದಿನ, ಇಲ್ಲವೇ ಮರುದಿನ ಬೆಳಗ್ಗೆ ಐಸಿಟಿಸಿ ಕೇಂದ್ರಕ್ಕೆ ಹೋಗಿ. “ಉಳಿದ ಎರಡು ಕಿಟ್ಟುಗಳಲ್ಲೂ ನೋಡಿದ್ದೀರಾ?” ಎಂದು ಕೇಳಿ. ಅದಕ್ಕೆ ಉತ್ತರ ಬರುವ ತನಕ ಮನೆಯಲ್ಲಿ ಯಾರೂ ಆ ಹುಡುಗಿಗೆ ಒಂದು ಬಿರುಸು ಮಾತೂ ಆಡಬಾರದು. ಕೋಣೆಯಲ್ಲಿ ಅವಳ ಜೊತೆ ಕುಳಿತವರಲ್ಲಿ ಆರಕ್ಕೆ ಐವರು ಏನೂ ಇಲ್ಲದವರು.