ಕ್ಯಾಬ್ ಬಿಲ್ಲಿನ ಸಾಲುಗಳನ್ನು ಓದುವ ಬಗೆ

ಆ್ಯಪ್ ಮೂಲಕ ಕರೆಸಿದ ಕ್ಯಾಬ್‌ನ ಬಾಡಿಗೆ ವಿವರದಲ್ಲಿ ಸಾಮಾನ್ಯವಾಗಿ ಐದಾರು ಸಾಲುಗಳಿರುತ್ತವೆ: ಮೂಲ ಬಾಡಿಗೆ, ದೂರ ಮತ್ತು ಸಮಯದ ಬಾಬ್ತು, ಸರ್ಜ್, ವೇಟಿಂಗ್ ಚಾರ್ಜ್, ಟೋಲ್, ತೆರಿಗೆ. ಇವೆಲ್ಲ ಒಂದೇ ಮೊತ್ತಕ್ಕೆ ಸೇರಿದರೂ ಒಂದೊಂದರ ಲೆಕ್ಕ ಒಂದೊಂದು ಬಗೆಯದು. ಯಾವ ಸಾಲು ಯಾವುದನ್ನು ಆಧರಿಸಿದೆ ಎಂಬುದು ಗೊತ್ತಾದರೆ ಸ್ಕ್ರೀನ್‌ಶಾಟ್ ಒಂದನ್ನೇ ಇಟ್ಟುಕೊಂಡು ಬಿಲ್ ಸರಿಯಿದೆಯೇ ಎಂದು ಹೇಳಬಹುದು.

ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಿಂದ ನಗರಕ್ಕೆ 30 ಕಿ.ಮೀ. ಪ್ರಯಾಣ ಎಂದುಕೊಳ್ಳೋಣ. ಲೆಕ್ಕಕ್ಕೆ ಅನುಕೂಲವಾಗುವಂತೆ ಅಂಕಿಗಳನ್ನು ಹೀಗೆ ಇಟ್ಟುಕೊಳ್ಳಬಹುದು: ಮೂಲ ಬಾಡಿಗೆ 60 ರೂಪಾಯಿ, ಕಿ.ಮೀ.ಗೆ 15ರಂತೆ ದೂರಕ್ಕೆ 450, ನಿಮಿಷಕ್ಕೆ ಒಂದೂವರೆಯಂತೆ ಒಂದು ಗಂಟೆಗೆ 90. ಮೂರೂ ಸೇರಿ 600 ರೂಪಾಯಿ.

ಸರ್ಜ್ ಎಂಬುದು ಇಲ್ಲಿ ಬರುತ್ತದೆ. ಒಂದು ಪ್ರದೇಶದಲ್ಲಿ ಆ ಹೊತ್ತಿಗೆ ಸಿಗುವ ವಾಹನಗಳಿಗಿಂತ ಕೇಳುವವರು ಹೆಚ್ಚಾದಾಗ ಆ್ಯಪ್ ಬಾಡಿಗೆಯನ್ನು ಒಂದು ಗುಣಕದಿಂದ ಗುಣಿಸುತ್ತದೆ. ಪರದೆಯ ಮೇಲೆ 1.4x ಎಂದಿದ್ದರೆ 600 ರೂಪಾಯಿ 840 ಆಗುತ್ತದೆ. ಕೆಲವು ಬಿಲ್‌ಗಳಲ್ಲಿ ಗುಣಕದ ಬದಲು ಹೆಚ್ಚುವರಿ ಮೊತ್ತ 240 ಎಂದಷ್ಟೇ ಇರುತ್ತದೆ. ಆಗ 240ನ್ನು 600ರಿಂದ ಭಾಗಿಸಿ ಒಂದನ್ನು ಕೂಡಿಸಿದರೆ ಗುಣಕ ಸಿಗುತ್ತದೆ. ಪ್ರಯಾಣದ ಬಾಡಿಗೆಯನ್ನಷ್ಟೇ ಗುಣಿಸಬೇಕು. ಟೋಲ್‌ಗಾಗಲಿ ತೆರಿಗೆಗಾಗಲಿ ಸರ್ಜ್ ಇಲ್ಲ.

ಚಾಲಕ ಹತ್ತಿಸಿಕೊಳ್ಳುವ ಸ್ಥಳಕ್ಕೆ ಬಂದ ಮೇಲೆ ಪ್ರಯಾಣಿಕ ತಡಮಾಡಿದರೆ ವೇಟಿಂಗ್ ಚಾರ್ಜ್ ಬೀಳುತ್ತದೆ. ಕರ್ನಾಟಕ ಸಾರಿಗೆ ಇಲಾಖೆ 2024ರ ಫೆಬ್ರವರಿಯಲ್ಲಿ ನಿಗದಿ ಮಾಡಿದ ಏಕರೂಪ ದರದ ಪ್ರಕಾರ ಮೊದಲ 5 ನಿಮಿಷ ಉಚಿತ, ಆಮೇಲೆ ನಿಮಿಷಕ್ಕೆ 1 ರೂಪಾಯಿ. 15 ನಿಮಿಷ ಕಾದಿದ್ದರೆ 10 ರೂಪಾಯಿ. ಆ ಸಾಲಿನಲ್ಲಿ 14 ಎಂದಿದ್ದರೆ ಕಾಯುವಿಕೆಗೂ 1.4 ಗುಣಕ ತಗುಲಿದೆ ಎಂದು ಅನುಮಾನಿಸಬಹುದು. ದಾರಿಯಲ್ಲಿ ಟ್ರಾಫಿಕ್‌ನಲ್ಲಿ ನಿಂತ ಹೊತ್ತು ವೇಟಿಂಗ್ ಅಲ್ಲ. ಅದು ಸಮಯದ ಬಾಬ್ತಿನಲ್ಲಿ ಆಗಲೇ ಸೇರಿರುತ್ತದೆ, ಎರಡೂ ಕಡೆ ಬಂದಿದ್ದರೆ ಪ್ರಶ್ನಿಸಬೇಕು.

ಟೋಲ್ ಹಣ ಕಂಪನಿಯದೂ ಅಲ್ಲ, ಚಾಲಕನದೂ ಅಲ್ಲ. ವಾಹನದ ಫಾಸ್ಟ್ಯಾಗ್‌ನಿಂದ ಕಡಿತವಾದದ್ದನ್ನು ಪ್ರಯಾಣಿಕ ತುಂಬಿಕೊಡುತ್ತಾನೆ, ಅಷ್ಟೆ. ಆದ್ದರಿಂದ ಇಲ್ಲಿ ನೋಡಬೇಕಾದದ್ದು ದಾರಿ. ಬಳ್ಳಾರಿ ರಸ್ತೆಯಲ್ಲಿ ಬಂದರೆ ಸಾದಹಳ್ಳಿ ಟೋಲ್ ಸಿಗುತ್ತದೆ, ಬಾಗಲೂರು–ಹೆಣ್ಣೂರು ರಸ್ತೆಯಲ್ಲಿ ಬಂದರೆ ಅದು ಸಿಗುವುದಿಲ್ಲ. ಬಿಲ್‌ನ ಜೊತೆಗಿರುವ ನಕ್ಷೆಯ ಗೆರೆ ಹೆಣ್ಣೂರಿನ ಕಡೆಯಿಂದ ಬಂದಿದ್ದು ಸಾದಹಳ್ಳಿಯ ಟೋಲ್ ಸೇರಿಕೊಂಡಿದ್ದರೆ ಅದು ತಪ್ಪು.

ಕೊನೆಯ ಸಾಲು ಜಿಎಸ್‌ಟಿ. ಆ್ಯಪ್ ಕ್ಯಾಬ್ ಪ್ರಯಾಣಕ್ಕೆ ಸಾಮಾನ್ಯವಾಗಿ ಶೇ 5. ರಾಜ್ಯದೊಳಗಿನ ಪ್ರಯಾಣಕ್ಕೆ ಇದು ಕೇಂದ್ರದ ಶೇ 2.5, ರಾಜ್ಯದ ಶೇ 2.5 ಎಂದು ಎರಡು ಸಾಲಾಗಿಯೂ ಬರುತ್ತದೆ. ಸರ್ಜ್ ಸೇರಿದ ಬಾಡಿಗೆಗೆ ತೆರಿಗೆ ಬೀಳುವುದರಿಂದ ಗುಣಕ ಏರಿದಂತೆ ತೆರಿಗೆಯೂ ಏರುತ್ತದೆ. ಬಾಡಿಗೆ 840, ವೇಟಿಂಗ್ 10 ಸೇರಿ 850ಕ್ಕೆ ತೆರಿಗೆ 42.50. ಟೋಲ್ 120 ಎಂದಿಟ್ಟುಕೊಂಡರೆ ಒಟ್ಟು 1,012.50 ರೂಪಾಯಿ. ತೆರಿಗೆಯ ಮೊತ್ತವನ್ನು 20ರಿಂದ ಗುಣಿಸಿದರೆ ಯಾವ ಮೊತ್ತಕ್ಕೆ ತೆರಿಗೆ ಹಾಕಿದ್ದಾರೆ ಎಂಬುದು ಹೊರಬೀಳುತ್ತದೆ: 42.50ಕ್ಕೆ 850. ತೆರಿಗೆ 48.50 ಎಂದಿದ್ದರೆ ಅದು 970ಕ್ಕೆ ಹಾಕಿದ್ದು, ಅಂದರೆ ಟೋಲ್ ಕೂಡ ಸೇರಿಕೊಂಡಿದೆ.

ಬಿಲ್‌ನ ಕೂಡು ಲೆಕ್ಕ ಸರಿಯಿದ್ದ ಮಾತ್ರಕ್ಕೆ ದರ ನ್ಯಾಯವಾಗಿದೆ ಎಂದಾಗುವುದಿಲ್ಲ. ಅದನ್ನು ಅಳೆಯಲು ಸರ್ಕಾರಿ ದರವಿದೆ. 10 ಲಕ್ಷ ರೂಪಾಯಿವರೆಗಿನ ಬೆಲೆಯ ವಾಹನಕ್ಕೆ ಏಕರೂಪ ದರ ಮೊದಲ 4 ಕಿ.ಮೀ.ಗೆ 100 ರೂಪಾಯಿ, ಆಮೇಲೆ ಕಿ.ಮೀ.ಗೆ 24. 30 ಕಿ.ಮೀ.ಗೆ 724 ರೂಪಾಯಿ. ಮಧ್ಯರಾತ್ರಿಯಿಂದ ಬೆಳಿಗ್ಗೆ 6ರವರೆಗೆ ಶೇ 10 ಹೆಚ್ಚು. ಮೇಲಿನ ಉದಾಹರಣೆಯಲ್ಲಿ ಸರ್ಜ್ ಇಲ್ಲದ 600 ಈ ದರಕ್ಕಿಂತ ಕಡಿಮೆ, ಸರ್ಜ್ ಸೇರಿದ 840 ಹೆಚ್ಚು. ಹಗಲಿನ ಪ್ರಯಾಣವಾದರೆ 116 ರೂಪಾಯಿ ಮಿಕ್ಕಿದೆ. ಕೇಂದ್ರ ಸರ್ಕಾರದ 2025ರ ಮಾರ್ಗಸೂಚಿ ರಾಜ್ಯ ನಿಗದಿ ಮಾಡಿದ ಮೂಲ ದರದ ಎರಡು ಪಟ್ಟಿನವರೆಗೆ ಏರಿಕೆಗೆ ಅವಕಾಶ ಕೊಡುತ್ತದೆ. ಹಾಗಾಗಿ ಗುಣಕ ಎಷ್ಟು ಎಂಬುದರ ಜೊತೆಗೆ ಅದು ಯಾವ ಮೊತ್ತದ ಮೇಲೆ ಕೂತಿದೆ ಎಂಬುದನ್ನೂ ನೋಡಬೇಕು.

ಸ್ಕ್ರೀನ್‌ಶಾಟ್ ತೆಗೆಯುವಾಗ ದಿನಾಂಕ, ಕಿ.ಮೀ., ನಿಮಿಷ ಮತ್ತು ನಕ್ಷೆ ಕಾಣುವಂತಿರಲಿ. ಅವಿಲ್ಲದ ಬಿಲ್ಲನ್ನು ಪರಿಶೀಲಿಸಲಾಗದು. ದೂರು ಕೊಡುವವರು ‘ಬಾಡಿಗೆ ಜಾಸ್ತಿ ಆಯಿತು’ ಎಂದು ಬರೆಯದೆ ತಪ್ಪಿದ ಸಾಲನ್ನೂ ಸರಿಯಾದ ಮೊತ್ತವನ್ನೂ ಹೆಸರಿಸಿ ಆ್ಯಪ್‌ನಲ್ಲೇ ಮೊದಲು ಬರೆಯಬೇಕು. ಅಲ್ಲಿ ಪರಿಹಾರ ಸಿಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.